ಬಿಜಿ ಬರೆಸುವ ಮುನ್ನ ಟೆಂಡರಿನಲ್ಲಿ ಏನೇನು ಹುಡುಕಬೇಕು?

ಬ್ಯಾಂಕ್ ಗ್ಯಾರಂಟಿಗೆ, ಅಂದರೆ ಬಿಜಿಗೆ, ಅರ್ಜಿ ತುಂಬುವಾಗ ನಮ್ಮ ಕರಾವಳಿಯ ಗುತ್ತಿಗೆದಾರರ ಕಚೇರಿಗಳಲ್ಲಿ ಮೊತ್ತ ತಪ್ಪುವುದು ಅಪರೂಪ. ಎಡವುವುದು ವ್ಯಾಲಿಡಿಟಿಯಲ್ಲಿ. ಕ್ಲೈಮ್ ಅವಧಿಯ ಕಾಲಂ ಅಂತೂ ‘ಬ್ಯಾಂಕಿನವರೇ ತುಂಬಿಕೊಳ್ಳಲಿ’ ಎಂದು ಖಾಲಿ ಹೋಗುತ್ತದೆ. ಅವರು ತುಂಬುತ್ತಾರೆ, ಕಮಿಷನ್ ನೀವು ಕಟ್ಟುತ್ತೀರಿ.

1. ಕಾಗದಗಳನ್ನು ಜೋಡಿಸಿ. ಟೆಂಡರ್ ಪ್ರಕಟಣೆ, ಸಾಮಾನ್ಯ ಷರತ್ತು, ವಿಶೇಷ ಷರತ್ತು, ಕೊನೆಯಲ್ಲಿರುವ ಬಿಜಿ ನಮೂನೆ, ಎಲ್ಲ ತಿದ್ದುಪಡಿಗಳು, ಒಪ್ಪಿಗೆ ಪತ್ರ. ಇವುಗಳಲ್ಲಿ ಒಂದಕ್ಕೊಂದು ತಾಳೆಯಾಗದಿದ್ದರೆ ಯಾವುದು ಮೇಲು ಎಂಬ ಕ್ರಮವನ್ನು ಕರಾರಿನಲ್ಲೇ ಬರೆದಿರುತ್ತಾರೆ, ಅದನ್ನು ಮೊದಲು ಓದಿ. ಕಳೆದ ಕಾಮಗಾರಿಯ ಎಕ್ಸೆಲ್ ಹಾಳೆಯನ್ನು ನಕಲು ಮಾಡಿ ಹೆಸರು ಬದಲಿಸುವ ಅಡ್ಡದಾರಿ ಬೇಡ. ಸ್ಕ್ಯಾನ್ ಮಾಡಿದ ಪಿಡಿಎಫ್‌ನಲ್ಲಿ `Ctrl+F` ಏನನ್ನೂ ಹುಡುಕುವುದಿಲ್ಲ. ಪುಕ್ಕಟೆ ಪರಿವರ್ತಕಗಳು ಮಸುಕಾದ ಅಂಕಿಗಳನ್ನು ತಪ್ಪಾಗಿ ಓದುತ್ತವೆ. ಅಂಥ ಪುಟಗಳನ್ನು ಮುದ್ರಿಸಿ ಕಣ್ಣಲ್ಲೇ ಓದಿ.

2. ಮೊತ್ತ. ಶೇಕಡಾವಾರು ಯಾವುದರ ಮೇಲೆ ಎಂದು ನೋಡಿ: ಅಂದಾಜು ಮೊತ್ತವೋ, ಒಪ್ಪಿಕೊಂಡ ಕರಾರು ಮೊತ್ತವೋ, ಜಿಎಸ್‌ಟಿ ಸೇರಿಯೋ. ಕಡಿಮೆ ದರ ಹಾಕಿದ್ದಕ್ಕೆ ಹೆಚ್ಚುವರಿ ಭದ್ರತೆ ಕೇಳಿದ್ದರೆ ಅದಕ್ಕೆ ಬೇರೆ ಸಾಲು ಇಡಿ.

3. ವ್ಯಾಲಿಡಿಟಿ. ಟೆಂಡರಿನಲ್ಲಿ ದಿನಾಂಕ ಸಿಗುವುದಿಲ್ಲ, ಸರಪಳಿ ಸಿಗುತ್ತದೆ. ಹೊನ್ನಾವರ ಕಡೆಯ ಒಂದು ರಸ್ತೆ ಕೆಲಸವನ್ನು ಉದಾಹರಣೆಗೆ ಇಟ್ಟುಕೊಳ್ಳಿ. ಕರಾರು ಮೊತ್ತ 2.40 ಕೋಟಿ, ಭದ್ರತೆ ಶೇ 5, ಅಂದರೆ 12 ಲಕ್ಷ. ಕೆಲಸದ ಆರಂಭ 25-3-2025, ಅವಧಿ 12 ತಿಂಗಳು. ಕೆಲಸ ಮುಗಿದ ಮೇಲಿನ ದೋಷ ಹೊಣೆ ಅವಧಿ 24 ತಿಂಗಳು, ಅದರ ಮೇಲೆ 60 ದಿನ ಗ್ಯಾರಂಟಿ ಊರ್ಜಿತವಿರಬೇಕು ಎಂದಿದೆ. ಮುಕ್ತಾಯ 24-3-2026. ಅದನ್ನು B2 ಕೋಶದಲ್ಲಿಟ್ಟು ಹೀಗೆ ಬರೆಯಿರಿ:

```
=EDATE(B2,24)+60
```

ಕೋಶವನ್ನು ದಿನಾಂಕದ ರೂಪಕ್ಕೆ ಬದಲಿಸಿದರೆ 23-5-2028 ಬರುತ್ತದೆ. ಆದರೆ ಅವಧಿ ‘ಮಳೆಗಾಲ ಹೊರತುಪಡಿಸಿ’ ಎಂದಿದೆಯೇ ನೋಡಿದಿರಾ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೆಕ್ಕಕ್ಕಿಲ್ಲ ಎಂದರೆ, ಇದೇ 12 ತಿಂಗಳು ಎರಡು ಮಳೆಗಾಲ ದಾಟಿ 2026ರ ನವೆಂಬರ್ ಕೊನೆಯ ವಾರಕ್ಕೆ ಹೋಗುತ್ತದೆ. ಬಿಜಿ ಸುಮಾರು ಎಂಟು ತಿಂಗಳು ಗಿಡ್ಡವಾಗಿ, ಇಲಾಖೆ ವಾಪಸ್ ಕಳಿಸುತ್ತದೆ. ಘಟ್ಟದ ಕೆಳಗಿನ ಕೆಲಸಗಳಲ್ಲಿ ಈ ಎರಡು ಪದ ಹುಡುಕದೆ ದಿನಾಂಕ ಬರೆಯಲೇಬೇಡಿ.

4. ಕ್ಲೈಮ್ ಅವಧಿ. ವ್ಯಾಲಿಡಿಟಿಯೊಳಗೆ ಆದ ತಪ್ಪಿಗೆ ಇಲಾಖೆ ಬ್ಯಾಂಕಿನಿಂದ ಹಣ ಕೇಳಲು ಇರುವ ಕೊನೆಯ ಗಡುವು ಇದು. ಷರತ್ತುಗಳಲ್ಲಿ ಇದು ಎಷ್ಟೋ ಸಲ ಇರುವುದೇ ಇಲ್ಲ. ಇರುವುದು ಬಿಜಿ ನಮೂನೆಯಲ್ಲಿ. ಬಹುತೇಕ ನಮೂನೆಗಳು ‘ನಾಟ್‌ವಿತ್‌ಸ್ಟ್ಯಾಂಡಿಂಗ್’ ಎಂದು ಶುರುವಾಗುವ ಪ್ಯಾರಾದಿಂದ ಮುಗಿಯುತ್ತವೆ. ಅದರಲ್ಲಿ ಮೂರು ಸಾಲು: ಹೊಣೆ ಇಷ್ಟು ರೂಪಾಯಿ ಮೀರದು, ಗ್ಯಾರಂಟಿ ಇಂಥ ದಿನದವರೆಗೆ, ಲಿಖಿತ ಬೇಡಿಕೆ ಇಂಥ ದಿನದೊಳಗೆ ಬಂದರೆ ಮಾತ್ರ ಪಾವತಿ. ನಿಮ್ಮ ಹಾಳೆಯ ಮೂರು ಕಾಲಂ ಇವೇ. ನಾನಾದರೆ ಇಡೀ ಟೆಂಡರನ್ನು ಈ ಪ್ಯಾರಾದಿಂದಲೇ ಓದಲು ಶುರುಮಾಡುತ್ತೇನೆ.

ನಮ್ಮ ಉದಾಹರಣೆಯ ನಮೂನೆಯಲ್ಲಿ ಮೂರು ತಿಂಗಳು ಎಂದಿದ್ದರೆ ಗಡುವು 23-8-2028. ಬ್ಯಾಂಕಿನವರು ‘ಕನಿಷ್ಠ ಒಂದು ವರ್ಷ ಬೇಕು’ ಎಂದು ಅದನ್ನು 23-5-2029ಕ್ಕೆ ಎಳೆಯಬಹುದು. ಅವರು ತೋರಿಸುವುದು ಕರಾರು ಕಾಯ್ದೆಯ 28ನೇ ಸೆಕ್ಷನ್ನಿನ ಮೂರನೇ ವಿನಾಯಿತಿ. ಆ ವಿನಾಯಿತಿ ಇರುವುದು ಹಣಕ್ಕಾಗಿ ಕೋರ್ಟಿಗೆ ಹೋಗುವ ಹಕ್ಕಿನ ಅವಧಿಗೆ, ಬೇಡಿಕೆ ಸಲ್ಲಿಸುವ ಗಡುವಿಗಲ್ಲ ಎಂದು 2021ರಲ್ಲಿ ದೆಹಲಿ ಹೈಕೋರ್ಟ್ ಎಲ್ ಆ್ಯಂಡ್ ಟಿ ಪ್ರಕರಣದಲ್ಲಿ ಹೇಳಿದೆ. ಕಮಿಷನ್ ವರ್ಷಕ್ಕೆ ಶೇ 2 ಎಂದು ಹಿಡಿದರೆ ಆ ಹೆಚ್ಚುವರಿ ಒಂಬತ್ತು ತಿಂಗಳಿಗೆ 18,000 ರೂಪಾಯಿ, ಜೊತೆಗೆ ಶೇ 18 ಜಿಎಸ್‌ಟಿ. ಬಿಜಿಗಾಗಿ ಬ್ಯಾಂಕಿನಲ್ಲಿಟ್ಟ ಮಾರ್ಜಿನ್ ಎಫ್‌ಡಿಯೂ ಅಲ್ಲಿಯವರೆಗೆ ಸಿಕ್ಕಿಕೊಂಡಿರುತ್ತದೆ. ಶಾಖೆಯಲ್ಲಿ ವಾದಿಸುವುದಕ್ಕಿಂತ, ನಮೂನೆಯ ಪ್ರತಿ ಮತ್ತು ಆ ತೀರ್ಪನ್ನು ಲಗತ್ತಿಸಿ ಲಿಖಿತವಾಗಿ ಕೇಳಿ. ಒಪ್ಪದಿದ್ದರೆ ಆ ಖರ್ಚನ್ನು ಮುಂದಿನ ಟೆಂಡರಿನ ದರದಲ್ಲೇ ಸೇರಿಸಿ.

ನಮೂನೆಯಲ್ಲಿ ಮೂರನೇ ಸಾಲು ಖಾಲಿ ಇದ್ದರೆ ಊಹಿಸಬೇಡಿ. ಬಿಡ್ ಹಂತದಲ್ಲೇ ಸ್ಪಷ್ಟೀಕರಣ ಕೇಳಿ, ಬಂದ ಉತ್ತರವನ್ನು ಕಡತಕ್ಕೆ ಸೇರಿಸಿ.

5. ದಾಖಲೆ. ಮೂರೂ ಕಾಲಂಗಳ ಪಕ್ಕದಲ್ಲಿ ಷರತ್ತಿನ ಸಂಖ್ಯೆ, ಪುಟ ಸಂಖ್ಯೆ ಬರೆಯಿರಿ. ಬ್ಯಾಂಕಿನ ಕರಡು ಬಂದಾಗ ಮುದ್ರೆ ಬೀಳುವ ಮೊದಲು ಕೊನೆಯ ಪ್ಯಾರಾವನ್ನು ಇನ್ನೊಬ್ಬರಿಂದ ತಾಳೆ ನೋಡಿಸಿ. ಕೆಲಸಕ್ಕೆ ಅವಧಿ ವಿಸ್ತರಣೆ ಸಿಕ್ಕ ದಿನವೇ B2 ತಿದ್ದಿ, ಬಿಜಿ ವಿಸ್ತರಣೆಗೂ ಅರ್ಜಿ ಹಾಕಿ.