ಬೋರ್‌ವೆಲ್ ಎಷ್ಟು ಅಡಿ ಅಂತ ಯಾರು ಹೇಳಿದ್ದು?

ಕೋಲಾರದ ಸುತ್ತಲಿನ ಹಳ್ಳಿಗಳ 38 ಬೋರ್‌ವೆಲ್‌ಗಳಿಂದ ನೀರು ತಂದು ಫ್ಲೋರೈಡ್ ಅಳೆದಿದ್ದೆ. ಅದರ ಮೇಲೆ ಬರೆದ ಸಂಶೋಧನಾ ಪೇಪರಿನಲ್ಲಿ ಹೇಳಿದ್ದು ಎರಡೇ ಮಾತು. ಒಂದು, 14 ಬೋರ್‌ವೆಲ್‌ಗಳ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದೆ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ 1 ಮಿಲಿಗ್ರಾಂ. ಬೇರೆ ನೀರು ಸಿಗದಿದ್ದರೆ 1.5ರವರೆಗೆ ಒಪ್ಪುತ್ತದೆ. ಇನ್ನೊಂದು, ಆಳ ಹೆಚ್ಚಿದಂತೆ ಫ್ಲೋರೈಡೂ ಹೆಚ್ಚು. ಎರಡನೆಯದೇ ನನಗೆ ಹೆಚ್ಚು ಇಷ್ಟವಾಗಿತ್ತು. ಶೀರ್ಷಿಕೆಯಲ್ಲೂ ಅದನ್ನೇ ಹಾಕಿದ್ದೆ.

ಕೊನೆಯಲ್ಲಿ ‘ಮಿತಿಗಳು’ ಅಂತ ಒಂದು ಪ್ಯಾರಾ ಇತ್ತು. ಪೇಪರ್ ಇಂಗ್ಲಿಷಿನದು, ಕನ್ನಡದಲ್ಲಿ ಹೇಳಿದರೆ ಹೀಗೆ: “ಈ ಅಧ್ಯಯನದಲ್ಲಿ ಮಾದರಿಗಳ ಸಂಖ್ಯೆ ಕಡಿಮೆ. ಒಂದೇ ಋತುವಿನಲ್ಲಿ ಸಂಗ್ರಹಿಸಲಾಗಿದೆ. ಮುಂದೆ ವಿಸ್ತಾರವಾದ ಅಧ್ಯಯನ ಅಗತ್ಯ.” ಹತ್ತು ನಿಮಿಷದಲ್ಲಿ ಬರೆದದ್ದು. ರಿವ್ಯೂವರ್ ಒಂದೇ ಸಾಲು ಬರೆದಿದ್ದರು: ಈ ಪ್ಯಾರಾವನ್ನು ಯಾವ ಪೇಪರಿಗೆ ಅಂಟಿಸಿದರೂ ಹೊಂದುತ್ತದೆ. ಅದರ ಕೆಳಗೆ ಒಂದು ಪ್ರಶ್ನೆ: ಆಳವನ್ನು ನೀವು ಅಳೆದಿರಾ, ಕೇಳಿ ಬರೆದುಕೊಂಡಿರಾ?

ಕೇಳಿ ಬರೆದುಕೊಂಡಿದ್ದೆ. ಮೋಟರು, ಪೈಪು ಇಳಿಸಿದ ಬೋರ್‌ವೆಲ್ ಒಳಗೆ ಟೇಪು ಬಿಡೋಕೆ ಯಾವ ರೈತ ಒಪ್ಪುತ್ತಾನೆ? “ಸಾವಿರದ ಇನ್ನೂರಡಿ ಮೇಷ್ಟ್ರೇ” ಅಂದರೆ 1200 ಅಂತ ಬರೆದುಕೊಂಡೆ, ಮುಂದಿನ ತೋಟಕ್ಕೆ ಹೋದೆ. ಇದನ್ನು ಪೇಪರಿನಲ್ಲಿ ಎಲ್ಲೂ ಹೇಳಿರಲಿಲ್ಲ. ಮುಚ್ಚಿಡಬೇಕು ಅಂತಲ್ಲ, ಅದು ಒಂದು ಮಿತಿ ಅಂತ ಹೊಳೆದೇ ಇರಲಿಲ್ಲ.

ಬೈಸಿಕೊಂಡ ಹುಡುಗನ ಹಾಗೆ ಎರಡನೇ ಸಲ ಒಂದು ಪುಟ ಬರೆದೆ. ಆಳ ನಂಬುವಂತಿಲ್ಲ, ಬೋರ್‌ವೆಲ್‌ಗಳನ್ನು ಚೀಟಿ ಎತ್ತಿ ಆರಿಸಿಲ್ಲ, ಮಾರ್ಚ್ ಒಂದೇ ತಿಂಗಳು, ಆದ್ದರಿಂದ ಫಲಿತಾಂಶಗಳನ್ನು ಎಚ್ಚರಿಕೆಯಿಂದ ನೋಡಬೇಕು ಅಂತೆಲ್ಲ. ನನ್ನ ಗೈಡ್ ಮೇಡಂ ಓದಿ, “ಇಷ್ಟೆಲ್ಲಾ ಬರೆದ ಮೇಲೆ ಪೇಪರ್ ಯಾಕಪ್ಪಾ ಕಳಿಸ್ತೀಯಾ?” ಅಂದರು. ಆಮೇಲೆ ಕೆಂಪು ಪೆನ್ನಿನಲ್ಲಿ ‘ಫಲಿತಾಂಶಗಳನ್ನು’ ಅನ್ನುವ ಪದಕ್ಕೆ ಸುತ್ತು ಹಾಕಿ, “ಯಾವ ಫಲಿತಾಂಶ? ರೈತ ಆಳ ತಪ್ಪು ಹೇಳಿದರೆ ನಿನ್ನ ಫ್ಲೋರೈಡ್ ಮೀಟರ್ ತಪ್ಪು ತೋರಿಸುತ್ತಾ?” ಅಂದರು.

ಕೆಲಸ ದಾರಿಗೆ ಬಂದದ್ದು ಅಲ್ಲಿಂದ. ಒಂದು ಹಾಳೆಯ ಎಡಗಡೆ ನನ್ನ ಎರಡು ಮಾತುಗಳನ್ನು ಬರೆದೆ, ಬಲಗಡೆ ಮಿತಿಗಳನ್ನು. ಪ್ರತಿ ಮಿತಿಯಿಂದ ಅದು ತಾಗುವ ಮಾತಿಗೆ ಗೆರೆ ಎಳೆದೆ. ಆಳದ ಮಿತಿಗಳಿಂದ 14 ಬೋರ್‌ವೆಲ್‌ಗಳ ಮಾತಿಗೆ ಒಂದು ಗೆರೆಯೂ ಹೋಗಲಿಲ್ಲ. ಅದಕ್ಕೆ ತಾಗಿದ್ದು ಬೇರೆ ಎರಡು: ಅದು ಮಾರ್ಚ್ ತಿಂಗಳ ಲೆಕ್ಕ, ಮತ್ತು ನಾನು ಹೋದ 38 ಬೋರ್‌ವೆಲ್‌ಗಳ ಲೆಕ್ಕವೇ ಹೊರತು ಇಡೀ ತಾಲ್ಲೂಕಿನದಲ್ಲ. ಎರಡು ವಾಕ್ಯದಲ್ಲಿ ಮುಗಿಯಿತು. ಉಳಿದ ಗೆರೆಗಳೆಲ್ಲ ಆಳದ ಮಾತಿಗೇ ಹೋಗಿದ್ದವು.

ಮೊದಲನೆಯದು ರೈತರ ನೆನಪು. ‘ನಂಬುವಂತಿಲ್ಲ’ ಅಂತ ಬರೆಯುವ ಮೊದಲು ಎಷ್ಟು ನಂಬಬಹುದು ಅಂತ ನೋಡಬಹುದಲ್ವಾ? ರಿಗ್‌ನವರು ದುಡ್ಡು ತಗೊಳ್ಳುವುದು ಅಡಿ ಲೆಕ್ಕದಲ್ಲಿ. ಹಾಗಾಗಿ ಬಿಲ್ಲಿನಲ್ಲಿ ಅಡಿ ಇದ್ದೇ ಇರುತ್ತದೆ. ಮತ್ತೆ ಹಳ್ಳಿಗಳಿಗೆ ಹೋದೆ. ಒಂಬತ್ತು ಮನೆಗಳಲ್ಲಿ ಬಿಲ್ಲು ಸಿಕ್ಕಿತು. ಏಳರಲ್ಲಿ ರೈತರು ಹೇಳಿದ್ದಕ್ಕೂ ಬಿಲ್ಲಿಗೂ 50 ಅಡಿಗಿಂತ ಜಾಸ್ತಿ ವ್ಯತ್ಯಾಸ ಇರಲಿಲ್ಲ. ಎರಡರಲ್ಲಿ 200 ಅಡಿಯಷ್ಟು ತಪ್ಪಿತ್ತು. ಅದರಲ್ಲಿ ಒಬ್ಬರು ಬತ್ತಿಹೋದ ಹಳೇ ಬೋರಿನ ಅಡಿಯನ್ನು ಹೊಸದಕ್ಕೆ ಹೇಳಿಬಿಟ್ಟಿದ್ದರು. (ಸಾಲ ಮಾಡಿ ಕೊರೆಸಿದ್ದು, ಅದೇ ನೆನಪಿನಲ್ಲಿ ಉಳಿದಿತ್ತು.)

ಇನ್ನೊಂದು ವಿಷಯ ಯೋಚಿಸಬೇಕಿತ್ತು. ಈ ತಪ್ಪು ನನ್ನ ಫಲಿತಾಂಶವನ್ನು ಯಾವ ಕಡೆಗೆ ಎಳೆಯುತ್ತದೆ? ಅಡಿ ಹೇಳುವಾಗ ತಮ್ಮ ನೀರಿನಲ್ಲಿ ಎಷ್ಟು ಫ್ಲೋರೈಡ್ ಇದೆ ಅಂತ ರೈತರಿಗೆ ಗೊತ್ತಿರಲಿಲ್ಲ. ಹಾಗಾಗಿ ಫ್ಲೋರೈಡ್ ಜಾಸ್ತಿ ಇದ್ದವರೇ ಅಡಿಯನ್ನೂ ಏರಿಸಿ ಹೇಳಿದರು ಅನ್ನೋಕೆ ಕಾರಣ ಇಲ್ಲ. ಇಂಥ ಎರ್ರಾಬಿರ್ರಿ ತಪ್ಪು ಇರುವ ಸಂಬಂಧವನ್ನು ಸಾಮಾನ್ಯವಾಗಿ ಮಸುಕು ಮಾಡುತ್ತದೆ, ಇಲ್ಲದ್ದನ್ನು ಹುಟ್ಟಿಸುವುದು ಕಡಿಮೆ. ಇದನ್ನೂ ಬರೆದೆ.

ಎರಡನೆಯದು ಕೆರೆ. ಕೋಲಾರದ ಕಡೆ ಕಡಿಮೆ ಆಳದ ಬೋರುಗಳು ಬಹಳಷ್ಟು ಬತ್ತಿವೆ. ಇನ್ನೂ ನೀರು ಕೊಡುವವು ಹೆಚ್ಚಾಗಿ ಕೆರೆಯ ಹತ್ತಿರದವು. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಇಲ್ಲಿನ ಕೆರೆಗಳಿಗೆ ಬಿಡುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಬರಲು ಶುರುವಾದ 2018ರಿಂದ ಹಲವು ಕೆರೆಗಳಲ್ಲಿ ನೀರು ನಿಲ್ಲುತ್ತಿದೆ. ಹಾಗಾದರೆ ಆ ಬೋರುಗಳಲ್ಲಿ ಫ್ಲೋರೈಡ್ ಕಡಿಮೆ ಇರುವುದು ಆಳ ಕಡಿಮೆ ಅಂತಲೋ, ಕೆರೆ ನೀರು ಇಂಗಿ ತೆಳುವಾಗಿದೆ ಅಂತಲೋ? ಕೆರೆಯಿಂದ ಅರ್ಧ ಕಿಲೋಮೀಟರಿನ ಒಳಗಿದ್ದ ಹತ್ತನ್ನು ತೆಗೆದು ಉಳಿದ 28ರಲ್ಲಿ ಮತ್ತೆ ಲೆಕ್ಕ ಹಾಕಿದೆ. ಸಂಬಂಧ ಸಡಿಲವಾಯಿತು, ಆದರೆ ಹೋಗಲಿಲ್ಲ. ‘ಹೋಗಲಿಲ್ಲ’ ಅಂತ ಮಾತ್ರ ಬರೆಯಲು ಆಸೆಯಾಯಿತು. ‘ಸಡಿಲವಾಯಿತು’ ಅನ್ನುವುದನ್ನೂ ಬರೆದೆ.

ಮೂರನೆಯದೇ ದೊಡ್ಡದು. ನಮ್ಮ ಕಡೆ ಗಟ್ಟಿ ಕಲ್ಲು. ಮೇಲಿನ ಸಡಿಲ ಮಣ್ಣು ಕುಸಿಯದಂತೆ ಅಲ್ಲಿಯವರೆಗೆ ಮಾತ್ರ ಕೇಸಿಂಗ್ ಪೈಪು ಹಾಕುತ್ತಾರೆ. ಕೆಳಗೆ ಬರೀ ಬಂಡೆಯ ತೂತು. ನೀರು ಬಂಡೆಯ ಬಿರುಕುಗಳಿಂದ ಬರುತ್ತದೆ. 400 ಅಡಿಯಲ್ಲಿ ಒಂದು ಬಿರುಕು, 900ರಲ್ಲಿ ಇನ್ನೊಂದು ಇದ್ದರೆ ಎರಡರ ನೀರೂ ಬೆರೆತು ಮೇಲೆ ಬರುತ್ತದೆ. 1200 ಅಡಿ ಕೊರೆದಿದ್ದಾರೆ ಅಂದರೆ ನೀರು 1200 ಅಡಿಯದು ಅಂತಲ್ಲ. ನಾನು ಕೇಳಿದ್ದು ಕೊರೆದ ಆಳ, ಶೀರ್ಷಿಕೆಯಲ್ಲಿ ಹೇಳಿದ್ದು ನೀರಿನ ಆಳ.

ಇದನ್ನು ಮಿತಿಗಳ ಪ್ಯಾರಾದಲ್ಲಿ ಬರೆದು ಕೈ ತೊಳೆದುಕೊಳ್ಳುವಂತಿರಲಿಲ್ಲ. ಶೀರ್ಷಿಕೆ ಒಂದು ಹೇಳಿ, ಕೊನೇ ಪುಟ ಅದನ್ನು ವಾಪಸ್ ತಗೊಂಡರೆ ಅದು ಮಿತಿ ಅಲ್ಲ, ತಪ್ಪು. ಶೀರ್ಷಿಕೆ, ಸಾರಾಂಶ, ಕೊನೆಯ ತೀರ್ಮಾನ ಮೂರರಲ್ಲೂ ‘ಆಳದ ನೀರಿನಲ್ಲಿ’ ಅನ್ನುವುದನ್ನು ‘ಹೆಚ್ಚು ಆಳಕ್ಕೆ ಕೊರೆದ ಬೋರ್‌ವೆಲ್‌ಗಳ ನೀರಿನಲ್ಲಿ’ ಅಂತ ತಿದ್ದಿದೆ. ಮಾತು ಚಿಕ್ಕದಾಯಿತು, ನಿಜ. ಆದರೆ ರೈತನ ಕೈಯಲ್ಲಿರುವ ಲೆಕ್ಕವೂ ಕೊರೆದ ಅಡಿಯೇ.

ಕೊನೆಗೆ ಪ್ಯಾರಾ ಹೀಗಾಯಿತು: “ಆಳವನ್ನು ಮಾಲೀಕರಿಂದ ಕೇಳಿ ದಾಖಲಿಸಿದ್ದೇವೆ. ಬಿಲ್ ಸಿಕ್ಕ ಒಂಬತ್ತರಲ್ಲಿ ಏಳು 50 ಅಡಿಯೊಳಗೆ ಹೊಂದಿದವು, ಎರಡು ಸುಮಾರು 200 ಅಡಿ ತಪ್ಪಿದ್ದವು. ಈ ತಪ್ಪು ಆಳ ಮತ್ತು ಫ್ಲೋರೈಡ್ ಸಂಬಂಧವನ್ನು ಇರುವುದಕ್ಕಿಂತ ದುರ್ಬಲವಾಗಿ ತೋರಿಸುವ ಸಾಧ್ಯತೆ ಹೆಚ್ಚು. ಕೆರೆಯ ಹತ್ತಿರದ ಹತ್ತನ್ನು ಬಿಟ್ಟಾಗ ಸಂಬಂಧ ಸಡಿಲವಾಯಿತು, ಆದರೆ ಉಳಿಯಿತು. ಹಾಗಾಗಿ ಅದರ ಒಂದು ಭಾಗ ಕೆರೆ ನೀರಿನ ಪ್ರಭಾವ ಇರಬಹುದು. ನೀರು ಯಾವ ಬಿರುಕಿನಿಂದ ಬಂದಿದೆ ಎಂದು ಈ ಅಧ್ಯಯನ ಹೇಳಲಾರದು. 1.5 ಮಿಲಿಗ್ರಾಂ ದಾಟಿದ 14 ಬೋರ್‌ವೆಲ್‌ಗಳ ಎಣಿಕೆಗೆ ಆಳದ ಈ ಮಿತಿಗಳು ತಾಗುವುದಿಲ್ಲ. ಅದು ಈ 38ರ ಮಾರ್ಚ್ ತಿಂಗಳ ಎಣಿಕೆ.”

‘ಮುಂದೆ ವಿಸ್ತಾರವಾದ ಅಧ್ಯಯನ ಅಗತ್ಯ’ ಅನ್ನುವ ಸಾಲನ್ನು ಮೇಡಂ ಹೊಡೆದುಹಾಕಿದರು. ಅದರ ಜಾಗದಲ್ಲಿ, ಬೋರ್ ಒಳಗೆ ಕ್ಯಾಮೆರಾ ಇಳಿಸಿ ಬಿರುಕುಗಳ ಆಳ ನೋಡಿದರೆ ಈ ಪ್ರಶ್ನೆಗೆ ಉತ್ತರ ಹತ್ತಿರವಾಗುತ್ತದೆ ಅಂತ ಸೇರಿಸಿದೆವು.

ಎರಡನೇ ಸುತ್ತಿನಲ್ಲಿ ರಿವ್ಯೂವರ್ ಕೇಳಿದ್ದು ಒಂದೇ: ಆ ಒಂಬತ್ತು ಬಿಲ್ಲುಗಳ ಲೆಕ್ಕವನ್ನು ಒಂದು ಕೋಷ್ಟಕದಲ್ಲಿ ಹಾಕಿ. ಹೆಸರು ತೆಗೆದು, ನಂಬರ್ ಕೊಟ್ಟು ಹಾಕಿದೆ. ಹಳೇ ಬೋರಿನ ಅಡಿ ಹೇಳಿದ್ದ ಯಜಮಾನರದು ಅದರಲ್ಲಿ ಏಳನೇ ಸಾಲು.