ಟೋಫೆಲ್ ಅರ್ಜಿಯಲ್ಲಿ ಹೆಸರು ತುಂಬುವುದು ಹೇಗೆ? ಅಂಕ ಕಳಿಸುವುದು ಹೇಗೆ?

ನಮ್ಮ ಕಡೆಯವರ ಹೆಸರಿಗೆ ಇನಿಷಿಯಲ್ ಅಂಟಿಕೊಂಡೇ ಇರುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅದು ಹೆಸರಿನ ಹಿಂದೆ, ಆಧಾರ್‌ನಲ್ಲಿ ಕೆಲವೊಮ್ಮೆ ಮುಂದೆ. ಪಾಸ್‌ಪೋರ್ಟ್‌ಗೆ ಬರುವ ಹೊತ್ತಿಗೆ ಅದೇ ಇನಿಷಿಯಲ್ ಬಿಡಿಸಿಕೊಂಡು ಊರು, ಅಪ್ಪನ ಹೆಸರು ಆಗಿರುತ್ತದೆ. ಅಮೆರಿಕದಲ್ಲಿ ಎಂ.ಎಸ್. ಮಾಡಲು ಟೋಫೆಲ್ ಬರೆಯುವವರು ಇವುಗಳಲ್ಲಿ ನೋಡಬೇಕಾದದ್ದು ಪಾಸ್‌ಪೋರ್ಟನ್ನು ಮಾತ್ರ. ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ಗುರುತಿಗೆ ತೋರಿಸುವುದು ಅದನ್ನೇ. ನೋಂದಣಿಯ ಹೆಸರು ಅದಕ್ಕೆ ತಾಳೆಯಾಗದಿದ್ದರೆ ಒಳಗೆ ಬಿಡದಿರಬಹುದು, ಕಟ್ಟಿದ ಶುಲ್ಕವೂ ಕೈಬಿಟ್ಟು ಹೋಗಬಹುದು.

ಉದಾಹರಣೆಗೆಂದು ಒಂದು ಹೆಸರು ಕಲ್ಪಿಸಿಕೊಳ್ಳೋಣ. ಅಂಕಪಟ್ಟಿಯಲ್ಲಿ ಚೇತನ್ ಕುಮಾರ್ ಎಚ್.ಬಿ. ಎಂದಿರುವ ಹುಡುಗ. ಅವನ ಪಾಸ್‌ಪೋರ್ಟ್‌ನ ಫೋಟೊ ಇರುವ ಪುಟದಲ್ಲಿ Surname ಎಂಬಲ್ಲಿ HONNAVALLI BASAVARAJU, Given Name(s) ಎಂಬಲ್ಲಿ CHETHAN KUMAR ಎಂದಿದೆ. ಅದೇ ಪುಟದ ತಳದಲ್ಲಿ ಬಾಣದ ಗುರುತುಗಳಿಂದ ತುಂಬಿದ ಎರಡು ಸಾಲುಗಳಿವೆ. ಮೊದಲನೆಯದು ಹೀಗಿರುತ್ತದೆ:

```
P<INDHONNAVALLI<BASAVARAJU<<CHETHAN<KUMAR<<<
```

ಇದು ಯಂತ್ರ ಓದುವ ಸಾಲು. IND ಆದಮೇಲೆ ಸರ್‌ನೇಮ್ ಶುರುವಾಗುತ್ತದೆ. ಎರಡು ಬಾಣ ಒಟ್ಟಿಗೆ ಬಂದರೆ ಸರ್‌ನೇಮ್ ಮುಗಿದು ಗಿವನ್ ನೇಮ್ ಆರಂಭವಾಯಿತು ಎಂದರ್ಥ. ಒಂದೇ ಬಾಣವಿದ್ದರೆ ಅಲ್ಲಿ ಪದಗಳ ನಡುವೆ ಜಾಗ ಬಿಡಬೇಕು. CHETHAN KUMAR ಎರಡು ಪದವೋ CHETHANKUMAR ಎಂಬ ಒಂದೇ ಪದವೋ ಎಂದು ಅನುಮಾನ ಬಂದರೆ ಈ ಸಾಲನ್ನು ನೋಡಿದರಾಯಿತು.

ಈಗ ಟೋಫೆಲ್ ನಡೆಸುವ ಇ.ಟಿ.ಎಸ್. ಸಂಸ್ಥೆಯ ಜಾಲತಾಣದಲ್ಲಿ ಖಾತೆ ತೆರೆಯಿರಿ. ಪಾಸ್‌ಪೋರ್ಟ್‌ ಪಕ್ಕದಲ್ಲೇ ಇರಲಿ, ನೆನಪಿನಿಂದ ತುಂಬುವುದು ಬೇಡ. ನಮ್ಮ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಮೇಲಿನ ಸಾಲಿನಲ್ಲಿದೆ, ಆನ್‌ಲೈನ್ ಅರ್ಜಿಗಳು ಸಾಮಾನ್ಯವಾಗಿ ಗಿವನ್ ನೇಮ್ ಮೊದಲು ಕೇಳುತ್ತವೆ. ಮೇಲಿಂದ ಕೆಳಗೆ ನೋಡಿಕೊಂಡು ಟೈಪ್ ಮಾಡುವವರು ಎರಡನ್ನೂ ಅದಲುಬದಲು ಮಾಡಿಬಿಡುತ್ತಾರೆ. ಚೇತನ್ ಆದರೆ ಗಿವನ್ ನೇಮ್‌ ಇರುವಲ್ಲಿ CHETHAN KUMAR ಎಂದು ಪೂರ್ತಿ ಬರೆಯಬೇಕು, ಫ್ಯಾಮಿಲಿ ನೇಮ್‌ ಇರುವಲ್ಲಿ HONNAVALLI BASAVARAJU ಎಂದು ಪೂರ್ತಿ ಬರೆಯಬೇಕು. ಮಿಡಲ್ ನೇಮ್ ಕೇಳಿದರೆ KUMAR ಅನ್ನು ಎತ್ತಿ ಅಲ್ಲಿಗೆ ಹಾಕಬೇಡಿ. ಭಾರತದ ಪಾಸ್‌ಪೋರ್ಟ್‌ನಲ್ಲಿ ಮಿಡಲ್ ನೇಮ್‌ಗೆ ಬೇರೆ ಸಾಲೇ ಇಲ್ಲ, ಆದ್ದರಿಂದ ಆ ಜಾಗ ಖಾಲಿ ಇರಲಿ. ಆಧಾರ್‌ನಲ್ಲಿ Chetan ಎಂದಿದ್ದು ಪಾಸ್‌ಪೋರ್ಟ್‌ನಲ್ಲಿ CHETHAN ಎಂದಿದ್ದರೆ ಆ ಒಂದು H ಬೇಕೇ ಬೇಕು. ಊರಿನ ಹೆಸರು ಸರ್‌ನೇಮ್ ಆಗಿ ಕೂತಿದ್ದು ಮುಜುಗರ ಅನ್ನಿಸಿದರೂ ಇಲ್ಲಿ ಅದನ್ನು ಮೊಟಕುಗೊಳಿಸಬೇಡಿ.

ಸರ್‌ನೇಮ್ ಜಾಗವೇ ಖಾಲಿ ಇರುವ ಪಾಸ್‌ಪೋರ್ಟ್‌ಗಳು ಕರ್ನಾಟಕದಲ್ಲಿ ಬೇಕಾದಷ್ಟಿವೆ. ಅಂಥವರು ಅಪ್ಪನ ಹೆಸರನ್ನೋ ಇನಿಷಿಯಲ್ಲನ್ನೋ ತಾವಾಗಿ ಸೇರಿಸಬಾರದು. ಒಂದೇ ಹೆಸರಿರುವವರಿಗೆ ಆಯಾ ಪರೀಕ್ಷೆಯ ಅರ್ಜಿಯಲ್ಲಿ ಏನು ಸೂಚನೆ ಇದೆಯೋ ಅದರಂತೆ ತುಂಬಿ, ಗೊಂದಲವಾದರೆ ಹಣ ಕಟ್ಟುವ ಮೊದಲೇ ಅವರ ಸಹಾಯವಾಣಿಗೆ ಬರೆದು ಕೇಳಿ. ಮುಂದೆ ಅಮೆರಿಕದ ವೀಸಾ ಅರ್ಜಿಯಲ್ಲಿ ಇಂಥವರ ಇಡೀ ಹೆಸರು ಸರ್‌ನೇಮ್‌ಗೆ ಹೋಗಿ ಗಿವನ್ ನೇಮ್‌ನಲ್ಲಿ ಮೊದಲ ಹೆಸರು ಗೊತ್ತಿಲ್ಲ ಎಂಬರ್ಥದ FNU ಎಂದು ಬರುತ್ತದೆ. ಇದು ತೊಡಕು ಅನ್ನಿಸುವವರು ಪಾಸ್‌ಪೋರ್ಟನ್ನೇ ತಿದ್ದಿಸಿಕೊಳ್ಳಬಹುದು. ಆದರೆ ತಿದ್ದಿಸಿದರೆ ಹೊಸ ನಂಬರಿನ ಹೊಸ ಪಾಸ್‌ಪೋರ್ಟ್ ಬರುತ್ತದೆ, ಹಾಗಾಗಿ ಆ ಕೆಲಸ ಟೋಫೆಲ್ ನೋಂದಣಿಗಿಂತ ಮೊದಲೇ ಮುಗಿಯಬೇಕು. ಮದುವೆಯಾದ ಮೇಲೆ ಹೆಸರು ಬದಲಿಸುವವರಿಗೂ ಇದೇ ಮಾತು.

ಜನ್ಮದಿನಾಂಕ ತುಂಬುವಾಗ ಒಂದು ಕ್ಷಣ ನಿಲ್ಲಿ. ಅಮೆರಿಕದ ಅರ್ಜಿಗಳಲ್ಲಿ ತಿಂಗಳು ಮೊದಲು, ದಿನ ಆಮೇಲೆ. ನವೆಂಬರ್ 7ರಂದು ಹುಟ್ಟಿದವರು ರೂಢಿಯಂತೆ 07/11 ಎಂದು ಬರೆದರೆ ಜುಲೈ 11 ಆಗುತ್ತದೆ. ದಿನ 12ಕ್ಕಿಂತ ಹೆಚ್ಚಿದ್ದರೆ ಕಂಪ್ಯೂಟರ್ ತಪ್ಪು ಎನ್ನುತ್ತದೆ, ಕಡಿಮೆ ಇದ್ದರೆ ಸುಮ್ಮನೆ ಒಪ್ಪಿಕೊಳ್ಳುತ್ತದೆ. ಇಮೇಲ್ ಕೂಡ ನಿಮ್ಮ ಸ್ವಂತದ್ದಿರಲಿ. ಕಾಲೇಜಿನವರು ಕೊಟ್ಟ ವಿಳಾಸ ಡಿಗ್ರಿ ಮುಗಿದ ಮೇಲೆ ನಿಂತುಹೋಗಬಹುದು, ಟೋಫೆಲ್ ಅಂಕಕ್ಕೆ 2 ವರ್ಷ ಆಯುಸ್ಸಿದೆ.

ನೋಂದಣಿ ಖಚಿತವಾದ ಇಮೇಲ್ ಬಂದಾಗ ಅದರಲ್ಲಿರುವ ಹೆಸರನ್ನು ಪಾಸ್‌ಪೋರ್ಟ್‌ಗೆ ಹಿಡಿದು ಇನ್ನೊಬ್ಬರ ಕೈಲಿ ಅಕ್ಷರ ಅಕ್ಷರ ಓದಿಸಿ. ತಪ್ಪು ಕಂಡರೆ ಅಂದೇ ಇ.ಟಿ.ಎಸ್.ಗೆ ತಿಳಿಸಿ. ಪರೀಕ್ಷೆಯ ಬೆಳಿಗ್ಗೆ ಕೇಂದ್ರದ ಸಿಬ್ಬಂದಿಗೆ ಹೇಳಿದರೆ ಅವರ ಕೈಯಲ್ಲಿ ಏನೂ ಇರುವುದಿಲ್ಲ. ಕೇಂದ್ರಕ್ಕೆ ಒಯ್ಯಬೇಕಾದದ್ದು ಅವಧಿ ಮುಗಿಯದ ಮೂಲ ಪಾಸ್‌ಪೋರ್ಟ್. ಜೆರಾಕ್ಸ್, ಮೊಬೈಲಿನಲ್ಲಿರುವ ಚಿತ್ರ ನಡೆಯುವುದಿಲ್ಲ.

ಇನ್ನು ಅಂಕ ಕಳಿಸುವ ವಿಚಾರ. ಪರೀಕ್ಷಾ ಶುಲ್ಕದಲ್ಲೇ 4 ವಿಶ್ವವಿದ್ಯಾಲಯಗಳಿಗೆ ಉಚಿತವಾಗಿ ಅಂಕ ಕಳಿಸುವ ಅವಕಾಶ ಸೇರಿದೆ. ಆದರೆ ಪರೀಕ್ಷೆಯ ಹಿಂದಿನ ದಿನ ರಾತ್ರಿ 10 ಗಂಟೆಯೊಳಗೆ ಅವುಗಳನ್ನು ಖಾತೆಯಲ್ಲಿ ಆರಿಸಿರಬೇಕು. ಶನಿವಾರ ಪರೀಕ್ಷೆ ಇದ್ದರೆ ಶುಕ್ರವಾರ ರಾತ್ರಿ 10ಕ್ಕೆ ಬಾಗಿಲು ಮುಚ್ಚಿತು. ಆಮೇಲೆ ಕಳಿಸುವ ಪ್ರತಿಯೊಂದಕ್ಕೂ ಡಾಲರ್ ಲೆಕ್ಕದಲ್ಲಿ ದುಡ್ಡು. ಅಂಕ ನೋಡಿಕೊಂಡು ಕಳಿಸೋಣ ಎಂದು ನಾಲ್ಕನ್ನೂ ಖಾಲಿ ಬಿಡುವವರಿದ್ದಾರೆ. ಅರ್ಜಿ ಹಾಕುವುದು ಖಂಡಿತ ಎನ್ನುವ ಕಡೆಗಳನ್ನಾದರೂ ಮೊದಲೇ ತುಂಬುವುದು ಜಾಣತನ ಎಂದು ನನಗನ್ನಿಸುತ್ತದೆ. ಅಂಕ ಸಾಲುವುದೋ ಇಲ್ಲವೋ ಎಂಬ ಅಳುಕಿರುವ ವಿಶ್ವವಿದ್ಯಾಲಯವನ್ನು ಮಾತ್ರ ಆಮೇಲಕ್ಕೆ ಉಳಿಸಿಕೊಳ್ಳಿ, ಹೋದ ಅಂಕವನ್ನು ವಾಪಸ್ ತರಿಸಲಾಗದು.

ಪ್ರತಿ ವಿಶ್ವವಿದ್ಯಾಲಯಕ್ಕೂ ನಾಲ್ಕಂಕಿಯ ಕೋಡ್ ಇದೆ. ಹೆಸರು ನೋಡಿ ಆರಿಸಿದರೆ ಎಡವುವುದು ಇಲ್ಲೇ. ಟೆಕ್ಸಸ್ ವಿಶ್ವವಿದ್ಯಾಲಯ ಎಂದು ಹುಡುಕಿದರೆ ಹಲವು ಕ್ಯಾಂಪಸ್‌ಗಳು ಸಾಲುಗಟ್ಟುತ್ತವೆ. ಆಸ್ಟಿನ್ ಕೋಡ್ 6882, ಡಲ್ಲಾಸ್‌ನದ್ದು 6897, ಆರ್ಲಿಂಗ್ಟನ್‌ನದ್ದು 6013. ಡಲ್ಲಾಸ್‌ಗೆ ಅರ್ಜಿ ಹಾಕಿ ಆಸ್ಟಿನ್‌ಗೆ ಅಂಕ ಕಳಿಸಿದರೆ ಅವರು ಅದನ್ನು ದಾಟಿಸುತ್ತಾರೆ ಎಂದು ನಂಬಿ ಕೂರುವಂತಿಲ್ಲ. ವಿಭಾಗದ ಪ್ರವೇಶ ಪುಟದಲ್ಲಿ ಯಾವ ಕೋಡ್ ಕೊಟ್ಟಿದ್ದಾರೋ ಅದನ್ನೇ ಹಾಕಿ. ಇನ್ನು ನಿಮ್ಮ ಖಾತೆಯಿಂದ ಇಳಿಸಿಕೊಂಡ ಪಿಡಿಎಫ್ ಅಧಿಕೃತ ಅಂಕವಲ್ಲ. ಅರ್ಜಿ ಪರಿಶೀಲಿಸಲು ಅದು ಸದ್ಯಕ್ಕೆ ಸಾಕು ಎನ್ನುವ ವಿಶ್ವವಿದ್ಯಾಲಯಗಳಿವೆ, ಆದರೆ ಇ.ಟಿ.ಎಸ್. ನೇರವಾಗಿ ಕಳಿಸಿದ್ದೇ ಬೇಕು ಎನ್ನುವ ಕಡೆ ಅದಕ್ಕೆ ಬೆಲೆಯಿಲ್ಲ.

ಕಳಿಸಿದ ಅಂಕವನ್ನು ಅಲ್ಲಿ ನಿಮ್ಮ ಅರ್ಜಿಯ ಜೊತೆ ಕೂಡಿಸುವುದು ಹೆಸರು ಮತ್ತು ಜನ್ಮದಿನಾಂಕ ನೋಡಿಕೊಂಡು. ಅಂಕಪಟ್ಟಿ ಹಾಗಿದೆಯಲ್ಲ ಎಂದು ಚೇತನ್ ವಿಶ್ವವಿದ್ಯಾಲಯದ ಅರ್ಜಿಯಲ್ಲಿ ಫ್ಯಾಮಿಲಿ ನೇಮ್ ಎಂಬಲ್ಲಿ H B ಎಂದಷ್ಟೇ ಬರೆದರೆ ಅವನ ಅಂಕ ಯಾರದ್ದೆಂದು ತಿಳಿಯದೆ ಅಲ್ಲೇ ಬಿದ್ದಿರಬಹುದು. ಅರ್ಜಿಯಲ್ಲೂ ಪಾಸ್‌ಪೋರ್ಟ್ ಹೆಸರನ್ನೇ ಹಾಕಿ, ಹಳೆಯ ದಾಖಲೆಗಳಲ್ಲಿರುವ ಹೆಸರು ಯಾವುದು ಎಂದು ಕೇಳುವ ಜಾಗವಿದ್ದರೆ ಅಲ್ಲಿ ಅಂಕಪಟ್ಟಿಯ ಹೆಸರು ಕೊಡಿ.

ಇ.ಟಿ.ಎಸ್. ಖಾತೆಯಲ್ಲಿ ಅಂಕ ಕಳಿಸಿದ್ದಾಗಿದೆ ಎಂದಿದ್ದು, ಎರಡು ವಾರ ಕಳೆದರೂ ವಿಶ್ವವಿದ್ಯಾಲಯದ ಪೋರ್ಟಲ್‌ನಲ್ಲಿ ಟೋಫೆಲ್ ಬಂದಿಲ್ಲ ಎಂದೇ ತೋರಿಸುತ್ತಿದ್ದರೆ ಬಹುಪಾಲು ಇದೇ ತೊಂದರೆ. ಮತ್ತೆ ದುಡ್ಡು ಕೊಟ್ಟು ಕಳಿಸುವ ಮೊದಲು ಪ್ರವೇಶ ವಿಭಾಗಕ್ಕೊಂದು ಇಮೇಲ್ ಬರೆಯಿರಿ. ಅರ್ಜಿ ಸಂಖ್ಯೆ, ಅಂಕಪತ್ರದಲ್ಲಿರುವ ನೋಂದಣಿ ಸಂಖ್ಯೆ, ಪರೀಕ್ಷೆಯ ದಿನ, ಪಾಸ್‌ಪೋರ್ಟ್‌ನಲ್ಲಿರುವಂತೆ ಹೆಸರು, ಜನ್ಮದಿನಾಂಕ ಇಷ್ಟೂ ಅದರಲ್ಲಿರಲಿ. ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆದರೆ ಅವರು ಹುಡುಕುವುದು ಸುಲಭ.