ಮೂರು ರೀಡಿಂಗ್ ಹೊಂದಿಕೊಂಡರೂ ಉತ್ತರ ತಪ್ಪಿತ್ತು

ದ್ವಿತೀಯ ಪಿಯುಸಿ ಮಕ್ಕಳಿಗೆ ನಾನು ಪ್ರತಿ ವರ್ಷ ಪರ್ಮ್ಯಾಂಗನೇಟ್ ಟೈಟ್ರೇಶನ್ ಮಾಡಿಸುತ್ತೇನೆ. 10 ಮಿ.ಲೀ. ಆಕ್ಸಾಲಿಕ್ ಆಮ್ಲಕ್ಕೆ ಎಷ್ಟು ಪರ್ಮ್ಯಾಂಗನೇಟ್ ಬೇಕಾಯಿತು ಎಂದು ಅಳೆದು, ಆ ಪರ್ಮ್ಯಾಂಗನೇಟ್ ದ್ರಾವಣದ ಸಾಂದ್ರತೆ ಎಷ್ಟು ಮೋಲಾರ್ ಎಂದು ಲೆಕ್ಕ ಹಾಕುವ ಪ್ರಯೋಗ. ಮೊದಲೆಲ್ಲ ವಿಧಾನ ಹೇಳಿ, ಸೂತ್ರ ಬರೆದು, ಮಕ್ಕಳನ್ನು ಮಾಡಲು ಬಿಡುತ್ತಿದ್ದೆ. ಎರಡು ಗಂಟೆ ಮುಗಿಯುವಷ್ಟರಲ್ಲಿ ಎಲ್ಲರ ರೆಕಾರ್ಡಿನಲ್ಲೂ 10.0 ಮಿ.ಲೀ. ಬಂದಿರುತ್ತಿತ್ತು. ಹಿಂದಿನ ವರ್ಷದವರ ರೆಕಾರ್ಡಿನಲ್ಲೂ ಅದೇ ಇತ್ತು. ಅದಕ್ಕೇ ಈಗ ರೀಡಿಂಗ್ ಪೆನ್ನಿನಲ್ಲೇ ಬರೆಯಬೇಕು, ಅಳಿಸುವಂತಿಲ್ಲ. ಕೊನೆಯ ಅರ್ಧ ಗಂಟೆಯನ್ನು ಮಾತುಕತೆಗೆಂದೇ ಎತ್ತಿಡುತ್ತೇನೆ.

ಸುರಕ್ಷತೆಯ ಮಾತನ್ನು ಮೇಜಿನ ಹತ್ತಿರ ನಿಂತೇ ಹೇಳುತ್ತೇನೆ, ಯಾವುದಕ್ಕೆ ಹೇಳುತ್ತೇನೋ ಆ ವಸ್ತುವನ್ನು ಕೈಯಲ್ಲಿ ಹಿಡಿದು. ಆಕ್ಸಾಲಿಕ್ ಆಮ್ಲ ವಿಷ, ಹಾಗಾಗಿ ಅದನ್ನು ಅಳೆದು ಹಾಕುವ ಪಿಪೆಟ್ಟಿಗೆ ಬಾಯಿ ಹಾಕುವಂತಿಲ್ಲ, ರಬ್ಬರ್ ಬಲ್ಬಿನಿಂದಲೇ ಎಳೆಯಬೇಕು. ಪರ್ಮ್ಯಾಂಗನೇಟನ್ನು ಹನಿಹನಿಯಾಗಿ ಬಿಡುವ ಬ್ಯುರೆಟ್ ತುಂಬುವಾಗ ಸ್ಟ್ಯಾಂಡನ್ನು ಕೆಳಗಿಳಿಸಬೇಕು. ತಲೆಯ ಮೇಲೆ ಕೈ ಎತ್ತಿ ಸುರಿದರೆ ಚೆಲ್ಲಿದ್ದು ಕಣ್ಣಿಗೇ ಬರುತ್ತದೆ. ಕನ್ನಡಕ ಹಾಕಿ, ಕೂದಲು ಮತ್ತು ವೇಲ್ ಕಟ್ಟಿಕೊಂಡ ಮೇಲೆಯೇ ಬರ್ನರ್ ಹಚ್ಚಬೇಕು. ಗಂಧಕಾಮ್ಲವನ್ನು ಮೊದಲೇ ನೀರಿಗೆ ಬೆರೆಸಿ ಇಟ್ಟಿರುತ್ತೇವೆ, ಮಕ್ಕಳ ಕೈಗೆ ಗಟ್ಟಿ ಆಮ್ಲ ಕೊಡುವುದಿಲ್ಲ.

ಆಮೇಲೆ ಒಂದು ಸಲ ನಾನೇ ಮಾಡಿ ತೋರಿಸುತ್ತೇನೆ. ಹಾಕಿದ ಪರ್ಮ್ಯಾಂಗನೇಟಿನ ಗುಲಾಬಿ ಬಣ್ಣ ಹೋಗದೆ ನಿಂತರೆ ಟೈಟ್ರೇಶನ್ ಮುಗಿಯಿತು ಎಂದರ್ಥ. ಬೇಕೆಂದೇ ಮೊದಲು ಬಿಸಿ ಮಾಡದೆ ಶುರು ಮಾಡುತ್ತೇನೆ. ಮೊದಲ ಹನಿಯ ಗುಲಾಬಿ ಬಣ್ಣ ಹೋಗುವುದೇ ಇಲ್ಲ, "ಮೇಡಂ, ಆಗೋಯ್ತು" ಎಂದು ಮಕ್ಕಳು ಕೂಗುತ್ತಾರೆ. ಆಗಿರುವುದಿಲ್ಲ. ತಣ್ಣಗಿದ್ದರೆ ಕ್ರಿಯೆ ನಿಧಾನ, ಅಷ್ಟೇ. ಅದೇ ಫ್ಲಾಸ್ಕನ್ನು 60ರಿಂದ 70 ಡಿಗ್ರಿಗೆ ಬಿಸಿ ಮಾಡಿದರೆ ಬಣ್ಣ ಮಾಯವಾಗುತ್ತದೆ. ಮುಂದಿನ ಹನಿಗಳ ಬಣ್ಣ ಇನ್ನೂ ಬೇಗ ಹೋಗುತ್ತದೆ, ಏಕೆಂದರೆ ಅಷ್ಟರಲ್ಲಿ ಹುಟ್ಟಿದ ಮ್ಯಾಂಗನೀಸ್ ಅಯಾನುಗಳೇ ಕ್ರಿಯೆಯನ್ನು ಜೋರು ಮಾಡುತ್ತವೆ. ಆದರೆ ಕುದಿಸಬಾರದು, ಆಕ್ಸಾಲಿಕ್ ಆಮ್ಲವೇ ಒಡೆದುಹೋಗುತ್ತದೆ. ಫ್ಲಾಸ್ಕಿನಲ್ಲಿ ಕಂದು ಬಣ್ಣ ಕಂಡರೆ ಗಂಧಕಾಮ್ಲ ಕಡಿಮೆಯಾಗಿದೆ ಎಂದರ್ಥ, ಚೆಲ್ಲಿ ಹೊಸದಾಗಿ ಶುರು ಮಾಡಬೇಕು. ಪರ್ಮ್ಯಾಂಗನೇಟ್ ಗಾಢ ಬಣ್ಣದ್ದು, ಕೆಳಗಿನ ಬಾಗು ಕಾಣುವುದಿಲ್ಲ. ಅದಕ್ಕೆ ದ್ರವದ ಮೇಲಿನ ಅಂಚನ್ನೇ ಓದಿ, ಶುರುವಿನಲ್ಲೂ ಕೊನೆಯಲ್ಲೂ ಒಂದೇ ರೀತಿ ಓದಿ ಎಂದು ಹೇಳುತ್ತೇನೆ.

ನಂತರ ಮಕ್ಕಳ ಸರದಿ. ಮೊದಲ ಸಲ ಅಂದಾಜಿಗೆ, ಆಮೇಲೆ 0.1 ಮಿ.ಲೀ. ಒಳಗೆ ಹೊಂದುವ ರೀಡಿಂಗ್‌ಗಳು ಸಿಗುವ ತನಕ. ನಾನು ಸುಮ್ನೆ ಓಡಾಡುತ್ತಾ ನೋಡುತ್ತೇನೆ.

ಒಂದು ವರ್ಷ ಐದು ಮೇಜುಗಳ ರೀಡಿಂಗ್ ಬೋರ್ಡಿನ ಮೇಲೆ ಬರೆದೆವು. ನಾಲ್ಕು ಮೇಜುಗಳದ್ದು 10.0 ಅಥವಾ 10.1. ಐದನೆಯದು 10.4, 10.5, 10.4. ಮೊದಲು 10.0 ಮತ್ತು 10.1ರ ಬಗ್ಗೆ ಮಾತಾಡಿದೆವು. ನಮ್ಮ ಬ್ಯುರೆಟ್ಟಿನ ಸಣ್ಣ ಗೆರೆ 0.1 ಮಿ.ಲೀ., ಎರಡು ಸಲ ಓದುತ್ತೇವೆ. ಹತ್ತರಲ್ಲಿ 0.1 ಅಂದರೆ ಶೇಕಡಾ 1. ಅಷ್ಟು ವ್ಯತ್ಯಾಸ ಈ ಉಪಕರಣದಲ್ಲಿ ಸಹಜ, ಯಾರ ತಪ್ಪೂ ಅಲ್ಲ.

ಐದನೇ ಮೇಜಿನವರು ಒಪ್ಪಲಿಲ್ಲ. "ಮೇಡಂ, ನಮ್ಮ ಮೂರೂ ಹೊಂದಿಕೊಂಡಿವೆ, ಅಂದ್ಮೇಲೆ ನಮ್ಮದೇ ಸರಿ ಅಲ್ವಾ?" ಒಳ್ಳೆಯ ಪ್ರಶ್ನೆ ಅದು. ಆಕ್ಸಾಲಿಕ್ ಆಮ್ಲ 0.05 ಮೋಲಾರ್. ಅದರ ಐದು ಮೋಲ್‌ಗೆ ಪರ್ಮ್ಯಾಂಗನೇಟ್ ಎರಡು ಮೋಲ್ ಸಾಕು. ಆ ಲೆಕ್ಕದಲ್ಲಿ 10.0 ಮಿ.ಲೀ. ಬಂದವರಿಗೆ ಪರ್ಮ್ಯಾಂಗನೇಟ್ 0.0200 ಮೋಲಾರ್, ಇವರಿಗೆ ಸುಮಾರು 0.0192. ಎಲ್ಲರಿಗೂ ಕೊಟ್ಟಿದ್ದು ಒಂದೇ ಬಾಟಲಿಯ ದ್ರಾವಣ.

ನಾನು ಕಾರಣ ಹೇಳಲಿಲ್ಲ, ನನಗೂ ಗೊತ್ತಿರಲಿಲ್ಲ. ಆ ಮೇಜಿನ ಹುಡುಗಿಗೆ ಎಲ್ಲರ ಮುಂದೆ ಇನ್ನೊಂದು ಸಲ ಮಾಡು ಎಂದೆ. ಬ್ಯುರೆಟ್ಟಿನ ತುದಿಯಲ್ಲಿ ಗಾಳಿಗುಳ್ಳೆ ಇರಲಿಲ್ಲ. ಪಿಪೆಟ್ಟಿನ ಕೊನೆ ಹನಿಯನ್ನು ಊದಿ ಬೀಳಿಸಲೂ ಇಲ್ಲ. ಆದರೆ ಕೋನಿಕಲ್ ಫ್ಲಾಸ್ಕನ್ನು ನೀರಿನಿಂದ ತೊಳೆದ ಮೇಲೆ, ಪಿಪೆಟ್ಟಿನಂತೆಯೇ, ಆಕ್ಸಾಲಿಕ್ ಆಮ್ಲದಿಂದಲೂ ಒಮ್ಮೆ ಕುಲುಕಿ ಚೆಲ್ಲಿದಳು. ಹಿಂದಿನ ಬೆಂಚಿನಿಂದ ಯಾರೋ, "ಒಳಗೆ ಸ್ವಲ್ಪ ಉಳಿದುಬಿಡುತ್ತಲ್ಲಾ!" ಎಂದರು. ಗೋಡೆಗೆ ಅಂಟಿ ಉಳಿದದ್ದು ಪ್ರತಿ ಸಲವೂ ಹೆಚ್ಚುಕಮ್ಮಿ ಅಷ್ಟೇ ಇರುತ್ತಿತ್ತು. ಅದಕ್ಕೇ ರೀಡಿಂಗ್‌ಗಳು ಹೊಂದಿಕೊಂಡಿದ್ದವು, ಅದಕ್ಕೇ ಮೂರೂ ಜಾಸ್ತಿ ಬಂದಿದ್ದವು. ಇಂಥ ತಪ್ಪು ಸರಾಸರಿ ತೆಗೆದರೆ ಹೋಗುವುದಿಲ್ಲ.

ನೀರಿನಿಂದ ಮಾತ್ರ ತೊಳೆದು, ಒದ್ದೆ ಫ್ಲಾಸ್ಕಿನಲ್ಲೇ ಮತ್ತೆ ಮಾಡಿದಳು. 10.0 ಬಂತು.

"ಹಾಗಾದ್ರೆ ಪಿಪೆಟ್ ಮಾತ್ರ ಯಾಕೆ ಆಕ್ಸಾಲಿಕ್ ಆಮ್ಲದಲ್ಲಿ ತೊಳೀಬೇಕು ಮೇಡಂ?" ಎಂದು ಕೇಳಿ, ನಾನು ಬಾಯಿ ತೆರೆಯುವ ಮೊದಲೇ ಅವಳೇ ಉತ್ತರ ಹೇಳಿದಳು: "ಓ, ಅದರಲ್ಲಿ ನೀರಿದ್ರೆ 10 ಮಿ.ಲೀ.ನಲ್ಲಿ ಆಮ್ಲವೇ ಕಮ್ಮಿ ಆಗುತ್ತೆ. ಫ್ಲಾಸ್ಕಲ್ಲಿ ನೀರಿದ್ರೆ ಆಮ್ಲ ಅಷ್ಟೇ ಇರುತ್ತೆ."